ಸೇತುವೆಗೆ ಒಂದು ಅಂಕ

“ಈ ಕೋಣೆಯಿಂದ ನಿಮ್ಮ ಮಗಳನ್ನ ಯಾರೂ ಎಬ್ಬಿಸಲ್ಲ, ನಾನಿದ್ದೀನಿ” ಎಂದು ಪರೀಕ್ಷಕಿ ಆ ತಾಯಿಗೆ ಮಾತು ಕೊಟ್ಟು ಮೂರು ವರ್ಷವಾಗಿತ್ತು. ಯಾರೂ ಕೇಳಿರಲಿಲ್ಲ, ಹಟ ಹಿಡಿದಿರಲಿಲ್ಲ. ಹೊಲಿಗೆ ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ ಆ ಹೆಂಗಸು ಮಗಳಿಗೆ ಚಿಕ್ಕ ಕೋಣೆಯಲ್ಲಿ ಜಾಗ ಸಿಕ್ಕಿತೆಂದು ತಿಳಿದು ಸೆರಗಲ್ಲಿ ಮುಖ ಮುಚ್ಚಿಕೊಂಡಾಗ, ಸುಮ್ಮನೆ ನೋಡುತ್ತ ಕೂರಲಾಗದೆ ಬಾಯಿಂದ ಬಂದುಬಿಟ್ಟ ಮಾತು ಅದು. ಬಾಯಿಂದ ಬಂದದ್ದನ್ನು ಮತ್ತೆ ಒಳಗೆ ನೂಕಲು ಆಗುವುದಿಲ್ಲವಲ್ಲ.

ಚಿಕ್ಕ ಕೋಣೆ ಎಂದರೆ ಶಾಲೆಯ ಮೂಲೆಯಲ್ಲಿ, ಓದಿನಲ್ಲಿ ಹಿಂದುಳಿದ ಕೆಲವೇ ಮಕ್ಕಳನ್ನು ಕೂರಿಸಿಕೊಂಡು ಒಬ್ಬ ಟೀಚರು ಪಕ್ಕದಲ್ಲೇ ಕುಳಿತು ಹೇಳಿಕೊಡುವ ಜಾಗ. ದೊಡ್ಡ ತರಗತಿಯಲ್ಲಿ ಬೆಂಚಿಗೆ ನಾಲ್ಕು ಮಕ್ಕಳು. ಹಿಂದೆ ಕುಳಿತವರ ಹೆಸರು ಮೇಷ್ಟ್ರಿಗೆ ಪರೀಕ್ಷೆ ಬಂದಾಗಲಷ್ಟೇ ನೆನಪಾಗುತ್ತದೆ. ಗುಬ್ಬಿ ಎಂದು ಮನೆಯವರೆಲ್ಲ ಕರೆಯುವ ಆ ಹುಡುಗಿ ದೊಡ್ಡ ತರಗತಿಯಲ್ಲಿ ಒಂದು ವರ್ಷ ಬಾಯಿಯೇ ಬಿಟ್ಟಿರಲಿಲ್ಲ. ಚಿಕ್ಕ ಕೋಣೆಗೆ ಬಂದ ಮೇಲೆ ಟೀಚರಿಗೇ ಎದುರುತ್ತರ ಕೊಡುವಷ್ಟು ಮಾತು ಕಲಿತಿದ್ದಳು. ನಿಧಾನವಾಗಿ, ಬೆರಳಿಟ್ಟು, ಓದುತ್ತಿದ್ದಳು ಕೂಡ.

ಆ ಕೋಣೆಯ ಬಾಗಿಲಿಗೆ ಒಂದೇ ಬೀಗದ ಕೈ. ಮಕ್ಕಳ ಬುದ್ಧಿಮಟ್ಟ ಅಳೆಯುವ ಪರೀಕ್ಷಾ ಕೇಂದ್ರದ ವರದಿ. ವರದಿಯಲ್ಲಿ ಐದು ವಿಭಾಗದ ಅಂಕಗಳು: ಮಾತು, ಆಕಾರ, ನೆನಪು, ತರ್ಕ, ಕೈವೇಗ. ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು ನೂರಕ್ಕೆ ಹೊಂದಿಸಿ, ಪ್ರತಿ ವಿಭಾಗಕ್ಕೂ ಒಂದು ಸಂಖ್ಯೆ, ಒಂದು ಬಣ್ಣದ ಪಟ್ಟಿ. ಅತಿ ಎತ್ತರದ ಪಟ್ಟಿಗೂ ಅತಿ ಕುಳ್ಳ ಪಟ್ಟಿಗೂ ಕನಿಷ್ಠ ಹದಿನೈದು ಅಂಕದ ಅಂತರವಿದ್ದರೆ ಆ ಕುಳ್ಳ ವಿಭಾಗದಲ್ಲಿ ‘ನಿರ್ದಿಷ್ಟ ಕೊರತೆ’ ಇದೆಯೆಂದು ಲೆಕ್ಕ, ಮಗು ಒಳಗೆ. ಇಲ್ಲದಿದ್ದರೆ ಹೊರಗೆ. ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ. ಮೊದಲ ಸಲ ಗುಬ್ಬಿಗೆ ಮಾತಿನಲ್ಲಿ ತೊಂಬತ್ತೆರಡು, ಕೈವೇಗದಲ್ಲಿ ಎಪ್ಪತ್ತೈದು. ಅಂತರ ಹದಿನೇಳು. ಒಳಗೆ ಬಂದಳು.

ಹದಿನೇಳು ಗಟ್ಟಿ ಸಂಖ್ಯೆಯಲ್ಲ ಎಂದು ಪರೀಕ್ಷಕಿಗೆ ಆಗಲೂ ಗೊತ್ತಿತ್ತು. ಆದರೆ ಮಗು ಒಳಗೆ ಹೋಗುತ್ತಿರುವಾಗ ಯಾರು ತಾನೇ ಬಾಗಿಲು ತಡೆಯುತ್ತಾರೆ?

ಈಗ ಗುಬ್ಬಿ ಮತ್ತೆ ಅವಳೆದುರು ಕುಳಿತಿದ್ದಳು. ಕಿಟಕಿಯಿಲ್ಲದ ಕೋಣೆ, ಗಿಡ್ಡ ಮೇಜು, ಸ್ಟಾಪ್‌ವಾಚು, ಅಂಚು ಸವೆದ ಮರದ ತುಂಡುಗಳು.

“ಸೇತುವೆ ಅಂದ್ರೆ ಏನು, ಹೇಳು ಪುಟ್ಟಿ.”

ಗುಬ್ಬಿ ಛಾವಣಿ ನೋಡಿದಳು. ಕಾಲು ಅಲ್ಲಾಡಿಸಿದಳು. “ನೀರಿಗೆ ಗೊತ್ತಾಗದ ಹಾಗೆ ಆಚೆ ಹೋಗೋದು.”

ಪರೀಕ್ಷಕಿಗೆ ನಗು ತಡೆಯಲಾಗಲಿಲ್ಲ. “ಇನ್ನೂ ಸ್ವಲ್ಪ ಹೇಳ್ತೀಯಾ?”

“ಅಷ್ಟೇ. ಇನ್ನೇನು ಹೇಳ್ಬೇಕು, ಆಚೆ ಹೋಗ್ಬಿಟ್ವಲ್ಲ.”

ಪರೀಕ್ಷಕಿ ಅಂಕ ಕೊಡುವ ಕೈಪಿಡಿ ತೆರೆದು ನೋಡಿದಳು. ದಾಟುವುದನ್ನು ಮಾತ್ರ ಹೇಳಿದರೆ ಒಂದು ಅಂಕ. ದಾಟಲು ಕಟ್ಟಿದ್ದು ಎಂಬುದೂ ಬಂದರೆ ಎರಡು. ಕಟ್ಟಿದ್ದು ಎನ್ನುವುದು ಬಂದಿರಲಿಲ್ಲ. ಒಂದು ಬರೆದಳು.

ಮಧ್ಯಾಹ್ನ ಕೂಡಿ ಕಳೆದು ನೋಡಿದರೆ ಮಾತು ತೊಂಬತ್ತು, ಕೈವೇಗ ಎಪ್ಪತ್ತೇಳು. ಹದಿಮೂರು. ಸೇತುವೆಗೆ ಎರಡು ಕೊಟ್ಟಿದ್ದರೆ ಮಾತು ತೊಂಬತ್ತೆರಡಕ್ಕೆ ಏರುತ್ತಿತ್ತು, ಅಂತರ ಸರಿಯಾಗಿ ಹದಿನೈದಾಗುತ್ತಿತ್ತು. ಅವಳ ಕೈ ಹಾಳೆಯ ಮೇಲೆ ಹಾಗೇ ನಿಂತಿತು. ಐದೂ ವಿಭಾಗ ಸೇರಿಸಿ ಮತ್ತೆ ನೂರಕ್ಕೆ ಹೊಂದಿಸಿದ ಒಟ್ಟು ಅಂಕ ಮಾತ್ರ ಕಲ್ಲಿನಂತೆ ಕೂತಿತ್ತು: ಆಗ ಎಂಬತ್ತೊಂದು, ಈಗ ಎಂಬತ್ತೆರಡು.

ಹಾಳೆ ಹಿಡಿದು ಕೇಂದ್ರದ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಕನ್ನಡಕ ಹಣೆಗೆ ಏರಿಸಿ ಊಟದ ಡಬ್ಬಿ ಮುಚ್ಚುತ್ತಿದ್ದರು.

“ಸರ್, ಈ ಹುಡುಗಿ ವಿಷಯದಲ್ಲಿ ಏನೂ ಬದಲಾಗಿಲ್ಲ. ಆದ್ರೂ ಹೊರಗೆ ಹೋಗ್ತಾಳೆ.”

“ಅಂತರ ಕಮ್ಮಿ ಆಗಿದೆಯಲ್ಲಮ್ಮ. ಸುಧಾರಿಸಿದಾಳೆ ಅಂತ ಬರಿ, ತಾಯಿಗೂ ಸಂತೋಷ ಆಗುತ್ತೆ.”

“ಸುಧಾರಣೆ ಎಲ್ಲಿಂದ ಬಂತು ಸರ್? ಒಂದೊಂದು ವಿಭಾಗದಲ್ಲಿ ಇರೋದು ಬೆರಳೆಣಿಕೆ ಪ್ರಶ್ನೆ. ಅದೇ ಮಗು ನಾಳೆ ಕೂತ್ರೆ ಪ್ರತಿ ಅಂಕವೂ ಏಳು ಮೇಲೆ, ಏಳು ಕೆಳಗೆ ಸಲೀಸಾಗಿ ಓಲಾಡುತ್ತೆ. ಒಂದರಿಂದ ಇನ್ನೊಂದು ಕಳೆದಾಗ ಎರಡರ ಓಲಾಟವೂ ಸೇರ್ಕೊಳ್ಳುತ್ತೆ.”

“ಹದಿನಾಲ್ಕು ಅಂತೀಯಾ?”

“ಹತ್ತು ಸರ್. ಒಂದು ಮೇಲೆ ಹೋದಾಗಲೇ ಇನ್ನೊಂದು ಕೆಳಗೆ ಬೀಳಬೇಕು ಅಂತಿಲ್ಲವಲ್ಲ. ಆದ್ರೂ ಅದರ ಎರಡರಷ್ಟು, ಇಪ್ಪತ್ತರ ಹತ್ರ ಹೋಗದೆ ಅಂತರ ನಿಜ ಅನ್ನೋ ಹಾಗಿಲ್ಲ. ಅದೂ ಯಾವ ಎರಡು ವಿಭಾಗ ಅಂತ ಮೊದಲೇ ಹೇಳಿಟ್ಟಿದ್ರೆ. ನಾವು ಮಾಡೋದು ಏನು? ಐದೂ ಬಂದ ಮೇಲೆ ಎತ್ತರದ್ದೊಂದು ಕುಳ್ಳದ್ದೊಂದು ಹುಡುಕಿ ಪಕ್ಕ ಪಕ್ಕ ನಿಲ್ಲಿಸ್ತೀವಿ. ಐದೂ ಒಂದೇ ಸಮ ಇರೋ ಮಗೂನೂ ಹಾಗೆ ನೋಡಿದ್ರೆ ಹದಿನೈದು ತೋರಿಸಬಹುದು. ಹೀಗೆ ಆರಿಸ್ಕೊಂಡ ಅಂತರ ನಿಜ ಅನ್ನೋಕೆ ಇಪ್ಪತ್ತೇಳಾದ್ರೂ ಬೇಕು.”

“ಇಪ್ಪತ್ತೇಳು ಇಟ್ಟರೆ ಕೋಣೇಲಿ ಟೀಚರ್ ಒಬ್ಬರೇ ಉಳೀತಾರೆ.”

“ಅದೇ ಹೇಳ್ತಿರೋದು. ಒಟ್ಟು ಅಂಕ ನೋಡಿ ಸರ್, ಐದೂ ವಿಭಾಗದ ಪ್ರಶ್ನೆ ಸೇರಿ ಬಂದದ್ದು, ಅದರ ಓಲಾಟ ಕಮ್ಮಿ. ಎರಡು ಸಲವೂ ಒಂದೇ ಮಾತು ಹೇಳ್ತಿದೆ. ಈ ಮಗೂಗೆ ಎಲ್ಲದರಲ್ಲೂ ಸ್ವಲ್ಪ ಕಷ್ಟ ಇದೆ, ಪಕ್ಕದಲ್ಲಿ ಯಾರಾದ್ರೂ ಕೂತರೆ ಕಲೀತಾಳೆ ಅಂತ.”

ಮುಖ್ಯಸ್ಥರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರ ಬಂದಿದ್ದ, ಯಾರ ಜೊತೆಗೂ ಜಟಾಪಟಿ ಬೇಡವೆನ್ನುವ ಮನುಷ್ಯ. ಉತ್ತರದ ಹಾಳೆ ಎಳೆದುಕೊಂಡು ನೋಡಿದರು, ಸೇತುವೆಯ ಮೇಲೆ ಬೆರಳಿಟ್ಟರು.

“ಚೆನ್ನಾಗಿ ಹೇಳಿದಾಳಲ್ಲ. ನಂಗೇ ಹೀಗೆ ಹೊಳೀತಿರಲಿಲ್ಲ. ಎರಡು ಕೊಡು, ಕೈ ತೊಳ್ಕೋ.”

“ಕೈಪಿಡಿ ಪ್ರಕಾರ ಒಂದೇ ಸರ್.”

“ಕೈಪಿಡಿ ಏನು ಬಂದು ನೋಡುತ್ತಾ?”

“ಹೋದ ತಿಂಗಳು ಆ ಡ್ರೈವರ್ ಮಗ ಇದೇ ಥರ ಅರ್ಧ ಉತ್ತರ ಹೇಳಿದ. ಒಂದು ಕೊಟ್ಟೆ. ಹೊರಗೆ ಹೋದ. ಅವರಪ್ಪನಿಗೆ ಏನು ಹೇಳಲಿ? ನಿಮ್ಮ ಮಗನ ಉತ್ತರ ನಂಗೆ ನಗು ತರಿಸಲಿಲ್ಲ ಅಂತಲಾ?”

ಅವರು ಡಬ್ಬಿಯ ಚಿಲಕ ಹಾಕಿದರು. “ಇದೇ ಪರೀಕ್ಷೆ ಮತ್ತೆ ಮಾಡೋಣ ಅಂದ್ರೆ ಒಂದು ವರ್ಷ ಬಿಟ್ಟೇ ಮಾಡ್ಬೇಕು, ಪ್ರಶ್ನೆ ನೆನಪಿರುತ್ತೆ. ನೀನು ಅನ್ನೋ ಹಾಗೆ ‘ಹದಿಮೂರನ್ನ ನಂಬಬೇಡಿ’ ಅಂತ ಬರೆದ್ರೆ ಆ ಕೋಣೆಗೆ ಮಕ್ಕಳನ್ನ ಸೇರಿಸೋ ಸಮಿತಿಯವರು ಮೊದಲು ಕೇಳೋದೇನು ಗೊತ್ತಾ? ಹಾಗಾದ್ರೆ ಹದಿನೇಳನ್ನ ಯಾಕೆ ನಂಬಿದ್ರಿ ಅಂತ. ಆ ವರದಿಗೆ ಸಹಿ ಯಾರದ್ದು?”

“ನಂದೇ.”

“ನೋಡು ಮತ್ತೆ. ಯಾವ ಕಡೆ ತಿರುಗಿದ್ರೂ ಗೋಡೆ. ಅದಕ್ಕೇ ಹೇಳ್ದೆ, ಎರಡು ಕೊಡು.”

ಮನೆಗೆ ಬಂದು ಕುಕ್ಕರು ಏರಿಸಿದಳು, ಮಗನ ಅಂಗಿಗೆ ಗುಂಡಿ ಹೊಲಿದಳು. ಗಂಡ ಏನೋ ಕೇಳಿದ, ಇವಳು ಏನೋ ಹೇಳಿದಳು. ತಲೆಯಲ್ಲಿ ಮಾತ್ರ ಒಂದೇ ಸುತ್ತು. ಎರಡು ಕೊಟ್ಟರೆ ಗುಬ್ಬಿ ಉಳಿಯುತ್ತಾಳೆ, ಆದರೆ ಆಮೇಲೆ ತಾನು ಬರೆಯುವ ಯಾವ ಸಂಖ್ಯೆಗೂ ಬೆಲೆಯಿಲ್ಲ. ಮುಂದಿನ ತಾಯಿ ಅತ್ತಾಗ ಮುಂದಿನ ಉತ್ತರವೂ ಚೆನ್ನಾಗಿ ಕಾಣುತ್ತದೆ, ಅಳಲು ಬಾರದ ತಾಯಂದಿರ ಮಕ್ಕಳು ಹೊರಗೇ ಉಳಿಯುತ್ತಾರೆ. ಒಂದು ಕೊಟ್ಟು ಸುಮ್ಮನಿದ್ದರೆ ‘ಸುಧಾರಿಸಿದ್ದಾಳೆ’ ಎಂಬ ಸುಳ್ಳಿಗೆ ಸಹಿ. ನಿಜ ಬರೆದರೆ ಆ ನಿಜ ಹಿಂದಕ್ಕೆ ತಿರುಗಿ ಗುಬ್ಬಿ ಒಳಗೆ ಬಂದ ದಾರಿಯನ್ನೇ ಅಗೆಯುತ್ತದೆ. ಅನ್ನ ತಳ ಹಿಡಿದದ್ದು ಮಗ ಬಂದು ಹೇಳಿದ ಮೇಲೆ ಗೊತ್ತಾಯಿತು.

ಮರುದಿನ ನಿಜವನ್ನೇ ಬರೆದಳು. ಸೇತುವೆಗೆ ಒಂದೇ ಅಂಕ. ಕೆಳಗೆ, ಯಾರಿಗಾದರೂ ಅರ್ಥವಾಗುವ ಮಾತಿನಲ್ಲಿ: ಹದಿನೇಳಕ್ಕೂ ಹದಿಮೂರಕ್ಕೂ ನಡುವೆ ಈ ಪರೀಕ್ಷೆ ಯಾವ ವ್ಯತ್ಯಾಸವನ್ನೂ ಕಾಣಲಾರದು. ಎರಡರಲ್ಲಿ ಯಾವುದೂ ನಿರ್ದಿಷ್ಟ ಕೊರತೆಯನ್ನು ತೋರಿಸುವುದಿಲ್ಲ, ಕೊರತೆ ಇಲ್ಲವೆಂದೂ ತೋರಿಸುವುದಿಲ್ಲ. ಮಗು ಸುಧಾರಿಸಿದೆ ಎಂದು ಇದರಿಂದ ಹೇಳಲಾಗದು. ಒಟ್ಟು ಅಂಕವನ್ನೂ ಚಿಕ್ಕ ಕೋಣೆಯ ಟೀಚರು ಕಂಡದ್ದನ್ನೂ ನೋಡಿ ತೀರ್ಮಾನಿಸಬೇಕು. ಇವಳನ್ನು ಅಲ್ಲೇ ಮುಂದುವರಿಸಬೇಕು. ಟೀಚರಿಂದಲೂ ಎರಡು ಪುಟ ಬರೆಸಿ ಲಗತ್ತಿಸಿದಳು. ಮುಖ್ಯಸ್ಥರು ಓದಿ, ನಿಟ್ಟುಸಿರು ಬಿಟ್ಟು, “ನಿನ್ನ ಹಣೆಬರಹ” ಎಂದು ಸಹಿ ಹಾಕಿದರು.

ಸಮಿತಿಯ ಉತ್ತರ ಬಂದಾಗ ಒಂದೇ ಸಾಲು: ಅಂತರ ಹದಿನೈದಕ್ಕಿಂತ ಕಡಿಮೆ ಇರುವುದರಿಂದ ಅರ್ಹಳಲ್ಲ. ಹಿಂದಿನ ಅಂತರವೂ ನಂಬಲರ್ಹವಲ್ಲವೆಂದು ಕೇಂದ್ರವೇ ಒಪ್ಪಿರುವುದರಿಂದ ಮೇಲ್ಮನವಿಗೆ ಅವಕಾಶವಿಲ್ಲ ಎಂದು ಕೈಬರಹದಲ್ಲಿ ಯಾರೋ ಪಕ್ಕದಲ್ಲಿ ಸೇರಿಸಿದ್ದರು.

ತಾಯಿ ಬಂದಳು. ಕುರ್ಚಿಯ ತುದಿಯಲ್ಲೇ ಕುಳಿತಳು. ರವಿಕೆಯ ತೋಳಿಗೆ ಅಂಟಿದ್ದ ದಾರದ ತುಂಡನ್ನು ಕಿತ್ತು ಬೆರಳಿಗೆ ಸುತ್ತಿಕೊಂಡಳು.

“ಹೋದ ಸಲ ಹದಿನೇಳು, ಈ ಸಲ ಹದಿಮೂರು. ನಾಲ್ಕು ಮಾರ್ಕಿನಷ್ಟು ಬುದ್ಧಿ ಬಂತಾ ಮೇಡಂ ಅವಳಿಗೆ? ಬಂದಿದ್ರೆ ಹೇಳಿ, ನಾನೂ ಖುಷಿ ಪಡ್ತೀನಿ.”

“ಇಲ್ಲಮ್ಮ. ಆ ನಾಲ್ಕಕ್ಕೆ ಅರ್ಥ ಇಲ್ಲ. ಒಂದಿನ ನಿದ್ದೆ ಕೆಟ್ಟಿದ್ರೂ, ಒಂದು ಪ್ರಶ್ನೆ ಅವಳಿಗೆ ಗೊತ್ತಿರೋದು ಬಂದ್ರೂ ಅಷ್ಟು ಆಚೀಚೆ ಆಗುತ್ತೆ.”

“ಹಾಗಾದ್ರೆ ಮೊದಲು ಸೇರಿಸಿದ್ದೂ ಸುಮ್ಮನೇನಾ?”

“ಸೇರಿಸಿದ್ದು ಸರಿ. ಸೇರಿಸೋಕೆ ನೋಡಿದ ಲೆಕ್ಕ ಸರಿಯಿರಲಿಲ್ಲ.”

“ಅರ್ಥ ಆಗಲಿಲ್ಲ.”

“ಅವಳಿಗೆ ಆ ಕೋಣೆ ಬೇಕಿತ್ತು. ಈಗಲೂ ಬೇಕು. ಯಾವುದೋ ಎರಡು ಪಟ್ಟಿ ಮಧ್ಯೆ ಎಷ್ಟು ಜಾಗ ಇದೆ ಅನ್ನೋದ್ರಿಂದ ಅದು ಗೊತ್ತಾಗಲ್ಲ. ನಾನು ಅದನ್ನೇ ಬರೆದೆ. ಅವರು ಒಪ್ಪಲಿಲ್ಲ.”

ತಾಯಿ ದಾರವನ್ನು ಬಿಚ್ಚಿದಳು, ಮತ್ತೆ ಸುತ್ತಿದಳು. “ಟೀಚರ್ ಅಂತಿದ್ರು, ಒಂದೇ ಒಂದು ಉತ್ತರದಲ್ಲಿ ಹೋಯ್ತಂತೆ. ಆ ಮಾರ್ಕು ಯಾರ ಕೈಲಿತ್ತು?”

“ನನ್ನ ಕೈಲೇ ಇತ್ತು.”

“ಕೊಡಬಹುದಿತ್ತಾ?”

ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು. “ಕೊಟ್ಟಿದ್ರೆ ಯಾರೂ ಕೇಳ್ತಿರಲಿಲ್ಲ” ಎಂದಳು ಪರೀಕ್ಷಕಿ.

ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾವು ಗುಂಡಿ ಕಾಜಾ ಹೊಲಿಯೋರು. ಒಂದು ಎಳೆ ಆಚೀಚೆ ಆದ್ರೆ ಸೂಪರ್‌ವೈಸರ್ರೂ ಕಣ್ಮುಚ್ಕೋತಾನೆ ಮೇಡಂ” ಎಂದು ಎದ್ದಳು. “ನನಗೆ ನಿಮ್ಮ ಲೆಕ್ಕ ತಿಳಿಯಲ್ಲ. ಅವಳು ಯಾವ ಬೆಂಚಲ್ಲಿ ಕೂರ್ತಾಳೆ, ಅದೊಂದು ತಿಳಿಯುತ್ತೆ.”

ಹೊರಗಿನ ಬೆಂಚಿನಲ್ಲಿ ಗುಬ್ಬಿ ಅಂಗೈಯಲ್ಲಿ ಏನೋ ಎಣಿಸುತ್ತ ಕೂತಿದ್ದಳು. ಅಮ್ಮನ ಕೈ ಹಿಡಿದು ಮೆಟ್ಟಿಲಿಳಿಯುವಾಗ ಒಮ್ಮೆ ಹಿಂತಿರುಗಿ ನೋಡಿದಳು. ಪರೀಕ್ಷಕಿ ಕೈಯೆತ್ತಲು ಹೋಗಿ ಇಳಿಸಿದಳು. ಒಳಗೆ ಮುಂದಿನ ಮಗು ಕಾಯುತ್ತಿತ್ತು, ಅದರ ಅಪ್ಪ ಆಗಲೇ ಬಾಗಿಲಲ್ಲಿ ನಿಂತು, “ಎಷ್ಟು ಅಂತರ ಬಂದ್ರೆ ಸೇರಿಸ್ತಾರೆ ಮೇಡಂ?” ಎಂದು ಕೇಳುತ್ತಿದ್ದ.

ಸೋಮವಾರ ಗುಬ್ಬಿಯನ್ನು ಚಿಕ್ಕ ಕೋಣೆಯಿಂದ ಎಬ್ಬಿಸಿ ದೊಡ್ಡ ತರಗತಿಯ ಕೊನೆಯ ಬೆಂಚಿನಲ್ಲಿ ಕೂರಿಸಿದರು. ಪರೀಕ್ಷಕಿ ಕೊಟ್ಟ ಮಾತು ತಪ್ಪಿತು.