ದ್ಯುತಿಸಂಶ್ಲೇಷಣೆ ಇವತ್ತು ಬಂದಿಲ್ಲ

ಸಿಂದಗಿ ಕಡೆಯ ಆ ಸರ್ಕಾರಿ ಪ್ರೌಢಶಾಲೆಗೆ ವರ್ಗವಾಗಿ ಬಂದ ವಾರದಲ್ಲೇ ವಿಜ್ಞಾನ ಶಿಕ್ಷಕಿ ಇಂದಿರಾಬಾಯಿ ಅಕ್ಕೋರಿಗೆ ಮಕ್ಕಳ ರೋಗ ಗೊತ್ತಾಯಿತು. ಅವಕ್ಕೆ ಜೀವಶಾಸ್ತ್ರದ ಹೆದರಿಕೆಯಿರಲಿಲ್ಲ, ಅದರ ಪದಗಳನ್ನು ಕಂಡರೆ ಮಾತ್ರ ನಾಲಿಗೆ ಒಣಗುತ್ತಿತ್ತು. ಅಕ್ಕೋರು ಮದ್ದು ಹುಡುಕಿದರು. ಒಬ್ಬೊಬ್ಬರಿಗೆ ಒಂದೊಂದು ಪದವನ್ನೇ ಹೆಸರಾಗಿ ಇಟ್ಟು, ಅದರ ಅರ್ಥ ಹೇಳುವ ಜವಾಬ್ದಾರಿಯನ್ನೂ ಹೊರಿಸಿದರು. ಮೂರೇ ತಿಂಗಳಲ್ಲಿ "ಸಮವಿಭಜನೆ, ಬಾಗಿಲಾ ಹಾಕು. ಕಿಣ್ವ, ಮಾತು ಸಾಕು" ಎಂಬುದು ಒಂಬತ್ತನೆಯ ತರಗತಿಯ ಮಾಮೂಲಿ ಮಾತಾಯಿತು.

ಯಾರೋ ಪಾಲಕರು ದೂರು ಬರೆದರು. ವಿಷಯ ಪರಿವೀಕ್ಷಕ ಹಿಪ್ಪರಗಿಯವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು.

"ಮಕ್ಕಳು ಕಲ್ತಿದ್ರ ಸರಿ, ಅಕ್ಕೋರ. ಇಲ್ಲಂದ್ರ ಈ ಆಟ ಇವತ್ತಿಗೇ ಬಂದ್," ಎಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಕ್ಕೋರದೇ ಅಂತ ಇದ್ದ ಉಪಾಯ ಇದೊಂದೇ.

ಪರಿವೀಕ್ಷಕರು ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿದರು. "ದ್ಯುತಿಸಂಶ್ಲೇಷಣೆ ಅಂದ್ರೇನು?"

"ಅದು ನಾನಲ್ರೀ ಸರ. ನಾ ಕಿಣ್ವ. ಆಕಿ ಇವತ್ತ ಬಂದಿಲ್ಲ, ಅಕ್ಕನ ಸೀಮಂತಕ್ಕ ಹೋಗ್ಯಾಳ್ರಿ."

"ಆಕಿ ಬರೂತನಕ ಗಿಡಗಳು ಉಪವಾಸ ಇರಬೇಕೇನು?"

ಅಕ್ಕೋರಿಗೆ ನೆಲ ಬಿರಿಯಬಾರದೇ ಅನಿಸಿತು. ತಂತಮ್ಮ ಪದ ಬಿಟ್ಟು ಬೇರೆಯದು ಕಲಿಯಬೇಕೆಂದು ಈ ಪೀಡೆಗಳಿಗೆ ತಾವು ಹೇಳಿಯೇ ಇರಲಿಲ್ಲ.

ಕಿಣ್ವ ತಲೆ ಕೆರೆದುಕೊಂಡ. "ಹಂಗೇನಿಲ್ರೀ ಸರ. ಎಲಿಯೊಳಗ ಆಕಿ ಕೆಲಸಾ ಬೇಗ ಆಗೂ ಹಂಗ ಮಾಡಾಂವ ನಾನ. ಎಷ್ಟ ಮಾಡಿದ್ರೂ ನಾ ಮಾತ್ರ ಖರ್ಚಾಗೂದಿಲ್ಲ."

"ದೊಡ್ಡಸ್ತಿಕಿ ಬ್ಯಾಡ," ಎಂದು ಪತ್ರಹರಿತ್ತು ಎದ್ದಳು. "ಬಿಸಿಲಿನ ಶಕ್ತಿ ಹಿಡಿಯಾಕಿ ನಾನ್ರೀ. ಅದಿಲ್ದ ಆಕಿ ಒಲಿನ ಹತ್ತೂದಿಲ್ಲ."

"ನಾ ಬಾಗಿಲಾ ತೆರದ್ರ ತಾನ ಇಂಗಾಲದ ಡೈಆಕ್ಸೈಡ್ ಒಳಗ ಬರೂದು?" ಪತ್ರರಂಧ್ರ ಮೂಲೆಯಿಂದ ಕೂಗಿದ. ಬೇರುರೋಮ, ನೀರು ತಂದವಳು ತಾನೆಂದಳು. ಗ್ಲೂಕೋಸ್ ತಾನು ತಯಾರಾದೆನೆಂದ, ಆಕ್ಸಿಜನ್ ತಾನು ಹೊರಬಿದ್ದೆನೆಂದಳು. ಎಲ್ಲ ಮುಗಿದ ಮೇಲೆ ಪರಿಸರ ವ್ಯವಸ್ಥೆ ನಿಧಾನ ಎದ್ದು, "ಇವ್ರನ್ನೆಲ್ಲಾ, ಮಣ್ಣು ನೀರು ಗಾಳಿ ಬಿಸಿಲು, ಎಲಿ ತಿನ್ನೂ ದನಾ, ಎಲ್ಲಾ ಸೇರಿಸಿದ್ರ ನಾನ್ರೀ," ಎಂದ.

ಹಿಪ್ಪರಗಿಯವರು ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಡೀಲಿ ಅಕ್ಕೋರ, ನಿಮ್ಮ ಆಟ ನಡೀಲಿ." ವರದಿ ಬರೆಯಲು ಪೆನ್ನು ತೆಗೆದರು. "ದ್ಯುತಿಸಂಶ್ಲೇಷಣೆ ತಾ ಶಾಲಿಗೆ ಬರದಿದ್ರೂ ಇಷ್ಟ ಮಂದಿ ಕಡಿಂದ ಪಾಠಾ ಹೇಳಿಸ್ಯಾಳ. ಆಕಿದೂ ಹೆಸರು ಬರೀತೀನಿ. ಏನು ಆ ಹುಡುಗಿ ಹೆಸರು?"

ಅಕ್ಕೋರು ಬಾಯಿ ತೆರೆದರು. ಮೂರು ತಿಂಗಳಿಂದ ದಿನಾ ಮುಂದಿನ ಸಾಲಿನಲ್ಲಿ ಕೂರುವ ಎರಡು ಜಡೆಯ ಹುಡುಗಿ ಕಣ್ಣಮುಂದೆ ಬಂದಳು, ಹೆಸರು ಬರಲಿಲ್ಲ. ಹಾಜರಿ ಪುಸ್ತಕ ತೆರೆದರು. ಇಪ್ಪತ್ತಾರು ಹೆಸರುಗಳಿದ್ದವು, ಇವತ್ತಿನ ಹಾಜರಿ ಇನ್ನೂ ಹಾಕಿರಲಿಲ್ಲ. ಅವಳದು ಯಾವುದೆಂದು ತಿಳಿಯಲಿಲ್ಲ. ಇಷ್ಟು ನಾಚಿಕೆ ಅವರಿಗೆ ಜನ್ಮದಲ್ಲಿ ಆಗಿರಲಿಲ್ಲ.

ಪರೀಕ್ಷೆಯಲ್ಲಿ ಪಕ್ಕದವರಿಗೆ ಹೇಳಿಕೊಡುವಂತೆ, ಕಿಣ್ವ ತುಟಿ ಅಲುಗಿಸದೆ ಪಿಸುಗುಟ್ಟಿದ:

"ಕಸ್ತೂರಿ ರೀ, ಅಕ್ಕೋರ."