ಒಳಗೆ ಹದಿನೈದು, ಹೊರಗೆ ಐದು

ಆರು ವರ್ಷದಿಂದ ಈ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದೇನೆ. ಪ್ರತಿ ನಕ್ಷೆಯ ಮೂಲೆಯಲ್ಲೂ ‘ಪರಿಶೀಲಿಸಿದವರು’ ಎಂಬಲ್ಲಿ ನನ್ನ ಸೋದರಮಾವನ ರುಜು ಬೀಳಬೇಕು. ಅವರು ಇಲ್ಲಿಯ ಹಿರಿಯ ಫಿಟ್ಟರ್. ಈ ಸಲದ, ರಟ್ಟು ಕತ್ತರಿಸುವ ಯಂತ್ರ ಸರಿಯಾಗಿ ಬಂದರೆ ಮುಂದೆ ನನ್ನೊಬ್ಬಳ ರುಜು ಸಾಕು ಎಂದು ಯಜಮಾನರು ಹೇಳಿದ್ದರು. ನನಗೆ ಅದು ಬೇಕೇ ಬೇಕಿತ್ತು. ‘ಅವರ ಅಕ್ಕನ ಮಗಳು’ ಎನ್ನಿಸಿಕೊಂಡು ಸಾಕಾಗಿತ್ತು.

ಮೋಟಾರಿನಿಂದ ಯಂತ್ರವನ್ನು ತಿರುಗಿಸುವ ಹಲ್ಲಿನ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟು, ನಾವು ಕೇಳಿದ ಉದ್ದಕ್ಕೆ ಸಿಗುವುದಿಲ್ಲ. ಸಿಗುವ ಉದ್ದಕ್ಕೆ ನಾವೇ ಹೊಂದಿಕೊಳ್ಳಬೇಕು. ಐದು ಮಿಲಿಮೀಟರಿಗೊಂದರಂತೆ ನೂರಿಪ್ಪತ್ತು ಹಲ್ಲಿನ ಬೆಲ್ಟು ಆರಿಸಿದೆ. ಪುಲ್ಲಿಗಳು ಇಪ್ಪತ್ತು ಮತ್ತು ನಲವತ್ತು ಹಲ್ಲಿನವು. ಅವು ಕೂರುವ ಶಾಫ್ಟುಗಳ ನಡುವಿನ ದೂರ 224.4 ಮಿಲಿಮೀಟರ್ ಬಂತು. ಬೆಲ್ಟು ಬಿಗಿಸಲು ಮೋಟಾರು ಹೊರಕ್ಕೆ ಸರಿಯಲೆಂದು ಅದರ ಬೋಲ್ಟಿನ ತೂತುಗಳನ್ನು ಆ ಕಡೆಗೆ ಐದು ಮಿಲಿಮೀಟರ್ ಉದ್ದ ಮಾಡಿದೆ.

ಜೋಡಿಸುವ ದಿನ ಬೆಲ್ಟು ಏರಲೇ ಇಲ್ಲ. ಬೆಲ್ಟು ಜಾರದಿರಲೆಂದು ಎರಡೂ ಪುಲ್ಲಿಗಳ ಅಂಚಿಗೆ ಬಿಲ್ಲೆಗಳಿರುತ್ತವೆ. ಅವನ್ನು ದಾಟಿಸಲು ಮೋಟಾರು ಮೊದಲು ಒಳಕ್ಕೆ ಸರಿಯಬೇಕು. ಒಳಕ್ಕೆ ನಾನು ಕೂದಲೆಳೆಯಷ್ಟೂ ಜಾಗ ಬಿಟ್ಟಿರಲಿಲ್ಲ. ಸ್ಕ್ರೂಡ್ರೈವರ್ ಎತ್ತಿಕೊಂಡೆ.

“ಮೀಟಬೇಡ ಕಣೆ,” ಎಂದರು ಮಾವ. “ಬೆಲ್ಟಿನ ಒಳಗಿನ ಎಳೆ ಮುರಿಯುತ್ತೆ, ಹೊರಗೆ ಗೊತ್ತಾಗಲ್ಲ. ಎರಡೂ ಪುಲ್ಲಿ ಬಿಚ್ಚು. ಬೆಲ್ಟು ಸುತ್ತಿ ಒಟ್ಟಿಗೇ ಶಾಫ್ಟಿಗೆ ತಳ್ಳೋಣ.”

ತಳ್ಳಿದೆವು. ಯಂತ್ರ ಸದ್ದಿಲ್ಲದೆ ಓಡಿತು.

ಯಜಮಾನರು ಬಂದು ನೋಡಿ ಹಿಗ್ಗಿದರು. “ಮುಂದಿನದಕ್ಕೆ ನಿನ್ನ ಸೈನೇ ಸಾಕಮ್ಮ. ಲಾರಿ ಬಂದಿದೆ, ಏರಿಸಿ.” ಮಾವ ಬಟ್ಟೆಯಲ್ಲಿ ಕೈ ಒರೆಸುತ್ತ ಎತ್ತಲೋ ನೋಡಿದರು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಕೊಂಡವರ ಬಳಿ ಪುಲ್ಲಿ ಕೀಳುವ ಸಾಧನವಾಗಲಿ, ಮಾವನಾಗಲಿ ಇಲ್ಲ. ಬೆಲ್ಟು ಬದಲಿಸುವ ದಿನ ಅವರೂ ಸ್ಕ್ರೂಡ್ರೈವರನ್ನೇ ಎತ್ತಿಕೊಳ್ಳುತ್ತಾರೆ.

“ಏರಿಸೋದು ಬೇಡ ಸರ್,” ಎಂದೆ. “ತೂತು ತಪ್ಪಾಗಿದೆ. ಒಳಕ್ಕೂ ಹದಿನೈದು ಮಿಲಿಮೀಟರ್ ಬೇಕಿತ್ತು. ನಂದೇ ತಪ್ಪು.”

ಅವರ ಮುಖ ಸಪ್ಪಗಾಯಿತು. “ಹಾಗಾದ್ರೆ ಮಾವನ ಸೈನೂ ಇರಲಿ ಬಿಡು,” ಎಂದು ಹೊರಟುಹೋದರು. ಲಾರಿ ಖಾಲಿ ಹೋಯಿತು. ನನಗೆ ಅಳುವೇ ಬಂತು, ಅತ್ತುಬಿಟ್ಟೆ.

ಸಂಜೆಯೊಳಗೆ ತೂತುಗಳನ್ನು ಒಳಕ್ಕೆ ಕೊರೆಸಿ, ನಕ್ಷೆ ತಿದ್ದಿ ಮಾವನ ಮುಂದಿಟ್ಟೆ. ಅವರು ಕನ್ನಡಕ ಕೂಡ ಹಾಕಿಕೊಳ್ಳದೆ ಪೆನ್ನು ತೆಗೆದು ರುಜು ಮಾಡಲು ಹೋದರು.

“ನೋಡಲ್ವಾ ಮಾವ?”

“ನಿಂದು ತಾನೇ. ನಾನು ನೋಡೋದು ಬಿಟ್ಟು ಮೂರು ವರ್ಷ ಆಯ್ತು.”

ನಾನು ಹಾಳೆಯನ್ನು ಎಳೆದುಕೊಂಡೆ. ಅವರ ಜೇಬಿನಿಂದ ಕನ್ನಡಕ ತೆಗೆದು ಕೈಗೆ ಕೊಟ್ಟು, ಅವರು ಮೊದಲ ಅಳತೆಯಿಂದ ಜೋರಾಗಿ ಓದುವವರೆಗೂ ಪೆನ್ನನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.