ಉರಿ ನಿಂತ ಪಾದ

ಸ್ಕೂಲ್ ವ್ಯಾನ್ ಓಡಿಸುವ ನಟರಾಜು ಒಂದೇ ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದದ್ದನ್ನು ಕಂಡು ಹೆಂಡತಿ ಯಶೋಧರಾಳಿಗೆ ಮೈಯೆಲ್ಲ ಉರಿಯಿತು. ಇನ್ನೊಂದು ಎಲ್ಲಿ ಕಳಚಿಬಿತ್ತೆಂದು ಅವನಿಗೇ ತಿಳಿದಿರಲಿಲ್ಲ. ಅಂಗಾಲಿಗೆ ಗಾಜಿನ ಚೂರು ಹೊಕ್ಕು ರಕ್ತ ಸೋರುತ್ತಿದ್ದರೂ ನೋವಿರಲಿಲ್ಲ.

"ಪಾದ ಉರೀತದೆ, ಇರುವೆ ಅರಿದಾಡ್ದಂಗಾಯ್ತದೆ ಅಂತಿದ್ರಿ. ಆದ್ರೂ ಸುಗರ್ ಮಾತ್ರೆ ಯಾಕೆ ಬುಟ್ರಿ?"

"ಈಗ ಉರಿ ಇಲ್ಲ ಕಣೆ, ವಾಸಿಯಾಗದೆ."

ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಉರಿಯ ಕಥೆ ಕೇಳುತ್ತ ಗಾಯ ತೊಳೆದು ಕಟ್ಟಿದರು. ಆಮೇಲೆ ಅವನ ಕಣ್ಣು ಮುಚ್ಚಿಸಿ, ಮುಟ್ಟಿದಾಗ ಹೇಳಬೇಕೆಂದು ತಿಳಿಸಿ, ನೈಲಾನ್ ಎಳೆಯೊಂದನ್ನು ಎರಡೂ ಅಂಗಾಲುಗಳಿಗೆ ಅಲ್ಲಲ್ಲಿ ಒತ್ತಿದರು. ನಟರಾಜು ಕಾದೇ ಕಾದ.

"ಯಾವಾಗ ಸುರು ಮಾಡ್ತೀರಿ ಮೇಡಂ?"

ಡಾಕ್ಟರಮ್ಮ ಎಳೆಯನ್ನು ಕೆಳಗಿಟ್ಟರು. "ಆಗಲೇ ಮುಗೀತು. ಉರಿ ನಿಂತಿದ್ದು ವಾಸಿಯಾಗಿ ಅಲ್ಲ, ನರ ಸತ್ತು. ಸಕ್ಕರೆ ಏರಿಕೊಂಡೇ ಇದ್ರೆ ನರಕ್ಕೂ ಪೆಟ್ಟು, ಅದಕ್ಕೆ ರಕ್ತ ಒದಗಿಸೋ ಸಣ್ಣ ನಾಳಗಳಿಗೂ ಪೆಟ್ಟು. ಪಾದದ ನರಗಳು ಎಲ್ಲಕ್ಕಿಂತ ಉದ್ದ, ಅದಕ್ಕೇ ಅಲ್ಲಿಂದ ಶುರುವಾಗುತ್ತೆ. ಹೋಗಿರೋ ಸ್ಪರ್ಶ ಪೂರ್ತಿ ಬರೋದು ಕಷ್ಟ. ಸಕ್ಕರೆ ಹಿಡಿತದಲ್ಲಿಟ್ಟರೆ ಮುಂದಕ್ಕೆ ಹೋಗೋದನ್ನ ತಡೀಬಹುದು. ದಿನಾ ಅಂಗಾಲು ನೋಡ್ಕೊಳ್ಳಿ."

ಹೊರಗೆ ಬಂದದ್ದೇ ನಟರಾಜು, "ಬೆಳಿಗ್ಗೆ ವ್ಯಾನ್ ತೆಗೀಬೇಕು," ಅಂದ.

ಯಶೋಧರಾ ಅವನ ಜೇಬಿಗೆ ಕೈಹಾಕಿ ಕೀ ಕಿತ್ತುಕೊಂಡಳು. "ಗಾಜು ಒಕ್ಕಿದ್ದೇ ತಿಳೀದ ಕಾಲಿಗೆ ಬ್ರೇಕು ತಿಳೀತದಾ? ಇಂದ್ಗಡೆ ಸೀಟಲ್ಲಿ ಕೂತಿರೋವು ಯಾರ ಮಕ್ಕಳು?"

ಬೇರೆ ಡ್ರೈವರನ್ನು ನೋಡಿಕೊಳ್ಳಿ ಎಂದು ಶಾಲೆಗೆ ಅವಳೇ ಫೋನ್ ಮಾಡಿದಳು.